ಕ್ರೋಮೋಸೋಮ್ ನಾರ್ಮಲ್ ಇದ್ದರೂ ಸಿಕಲ್ ಸೆಲ್ ಹೇಗೆ?

ನಮ್ಮ ಮಗಳಿಗೆ 2 ವರ್ಷ. ರಕ್ತ ಪರೀಕ್ಷೆ ಮಾಡಿ ಸಿಕಲ್ ಸೆಲ್ ಕಾಯಿಲೆ ಅಂದರು. ಇದು ಜೀನ್‌ನಿಂದ ಬರುವುದು ಅಂತ ಕೇಳಿ ಮೈಸೂರಿನಲ್ಲಿ ಕ್ರೋಮೋಸೋಮ್ ಪರೀಕ್ಷೆ ಮಾಡಿಸಿದೆವು. ಅದರಲ್ಲಿ 46,XX, ನಾರ್ಮಲ್ ಅಂತ ಬಂದಿದೆ. ಎರಡರಲ್ಲಿ ಯಾವುದು ಸುಳ್ಳು? ನಮ್ಮಿಬ್ಬರ ಮನೆಯಲ್ಲೂ ಯಾರಿಗೂ ಈ ಕಾಯಿಲೆ ಇಲ್ಲ. ಇನ್ನೊಂದು ಮಗು ಮಾಡಿಕೊಳ್ಳಬಹುದಾ?
*ಒಬ್ಬ ತಂದೆ, ಪೊನ್ನಂಪೇಟೆ ತಾಲ್ಲೂಕು*

ಎರಡೂ ನಿಜ. ಮಗುವಿಗೆ ಸಿಕಲ್ ಸೆಲ್ ಇದೆ, ಮಗುವಿನ ಕ್ರೋಮೋಸೋಮ್‌ಗಳೂ ಸರಿಯಾಗಿವೆ. ತಪ್ಪು ಆಗಿರುವುದು ಆ ಎರಡನೇ ಪರೀಕ್ಷೆ ಬರೆದುಕೊಟ್ಟವರಿಂದ. ಸಾವಿರಾರು ರೂಪಾಯಿ ಖರ್ಚು ಮಾಡಿಸಿ, ಈ ಕಾಯಿಲೆ ಬಗ್ಗೆ ಏನೂ ಹೇಳದ ಒಂದು ಹಾಳೆ ಕೈಗೆ ಕೊಟ್ಟಿದ್ದಾರೆ. ಇಂಥ ರಿಪೋರ್ಟ್ ಹಿಡಿದು ಬರುವವರನ್ನು ನೋಡಿ ನೋಡಿ ನನಗೆ ಸಿಟ್ಟು ಬರುತ್ತದೆ. ‘ನಾರ್ಮಲ್’ ಅನ್ನುವ ಒಂದು ಪದ ನಂಬಿ ಮಗುವಿನ ಔಷಧಿ ನಿಲ್ಲಿಸಿದ ಮನೆಗಳೂ ಇವೆ. ನೀವು ಹಾಗೆ ಮಾಡಬೇಡಿ.

ಡಿಎನ್‌ಎ, ಕ್ರೋಮೋಸೋಮ್, ಜೀನ್ ಮೂರನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಈ ಗೊಂದಲ. ಡಿಎನ್‌ಎ ಅಂದರೆ ವಸ್ತು. ಎ, ಟಿ, ಜಿ, ಸಿ ಅನ್ನುವ ನಾಲ್ಕೇ ಅಕ್ಷರಗಳು ಸಾಲಾಗಿ ಜೋಡಿಸಿಕೊಂಡಿರುವ ಎಳೆ. ಕ್ರೋಮೋಸೋಮ್ ಅಂದರೆ ಅಂಥ ಒಂದು ಇಡೀ ಉದ್ದನೆಯ ಎಳೆ, ಪ್ರೋಟೀನ್‌ಗಳಿಗೆ ಸುತ್ತಿಕೊಂಡು ಮಡಚಿಕೊಂಡಿರುವುದು. ನಮ್ಮ ಜೀವಕೋಶದಲ್ಲಿ ಇಂಥವು 46 ಇವೆ. ಇಪ್ಪತ್ಮೂರು ಅಮ್ಮನಿಂದ, ಇಪ್ಪತ್ಮೂರು ಅಪ್ಪನಿಂದ. ಜೀನ್ ಅಂದರೆ ಆ ಎಳೆಯ ಮೇಲಿನ ಒಂದು ತುಂಡು ಜಾಗ. ದೇಹ ಓದಿ ಬಳಸುವಂಥ ಜಾಗ. ಹೆಚ್ಚಿನ ಸಲ ಅದನ್ನು ಓದಿ ಒಂದು ಪ್ರೋಟೀನ್ ಮಾಡುತ್ತದೆ.

ಅಳತೆ ಗೊತ್ತಾದರೆ ನಿಮ್ಮ ರಿಪೋರ್ಟ್ ತಾನಾಗಿ ಅರ್ಥವಾಗುತ್ತದೆ. ಸಿಕಲ್ ಸೆಲ್‌ಗೆ ಸಂಬಂಧಪಟ್ಟ ಜೀನ್ ಇರುವುದು 11ನೇ ಕ್ರೋಮೋಸೋಮ್‌ನಲ್ಲಿ. ಅದರ ಉದ್ದ ಸುಮಾರು 13.5 ಕೋಟಿ ಅಕ್ಷರ. ಒಂದು ಅಕ್ಷರಕ್ಕೆ ಒಂದು ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಆಗ ಈ ಒಂದು ಕ್ರೋಮೋಸೋಮ್ 135 ಕಿಲೋಮೀಟರ್ ಆಗುತ್ತದೆ. ಮಡಿಕೇರಿಯಿಂದ ಹೊರಟು, ಕುಶಾಲನಗರ, ಹುಣಸೂರು ಕಳೆದು, ಮೈಸೂರನ್ನೂ ದಾಟಿ ಸ್ವಲ್ಪ ಮುಂದೆ ಹೋದಷ್ಟು ದೂರ. ಆ ಇಡೀ ರಸ್ತೆಯಲ್ಲಿ ನಮಗೆ ಬೇಕಾದ ಜೀನ್ ಬರೀ 1.6 ಮೀಟರ್. ಮಡಿಕೇರಿ ತುದಿಯಿಂದ ಸುಮಾರು 5 ಕಿಲೋಮೀಟರಿಗೆ, ಸುಂಟಿಕೊಪ್ಪಕ್ಕೂ ಮುಂಚೆಯೇ ಸಿಗುತ್ತದೆ. ಬೀಟಾ ಗ್ಲೋಬಿನ್ ಜೀನ್ ಅಂತ ಅದರ ಹೆಸರು. ಹಿಮೋಗ್ಲೋಬಿನ್ ಕಟ್ಟಲು ಬೇಕಾದ ಒಂದು ಪ್ರೋಟೀನ್ ಹೇಗಿರಬೇಕು ಅಂತ ಅದರಲ್ಲಿ ಬರೆದಿದೆ. ಇದೇ ರಸ್ತೆಯಲ್ಲಿ ಬೇರೆ ಕೆಲಸಗಳ ಜೀನ್‌ಗಳು ಸಾವಿರಕ್ಕೂ ಹೆಚ್ಚು ಇವೆ. ಅವುಗಳ ನಡುವೆ ಪ್ರೋಟೀನ್‌ಗೆ ಸಂಬಂಧವೇ ಇಲ್ಲದ ಉದ್ದುದ್ದ ಜಾಗಗಳೂ ಇವೆ. ಹಾಗಾಗಿ ಡಿಎನ್‌ಎ ಎಲ್ಲವೂ ಜೀನ್ ಅಲ್ಲ.

ಈಗ ನಿಮ್ಮ ಮಗಳ ವಿಷಯ. ಆ 1.6 ಮೀಟರಿನಲ್ಲಿ ಒಂದೇ ಒಂದು ಮಿಲಿಮೀಟರ್ ಬದಲಾಗಿದೆ. ಜಿಎಜಿ ಅಂತ ಇರಬೇಕಾದ ಕಡೆ ಜಿಟಿಜಿ ಆಗಿದೆ. ಅದರಿಂದ ಪ್ರೋಟೀನ್‌ನ ಆರನೇ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬಂದು ಕೂರುತ್ತದೆ. ಈ ಹಿಮೋಗ್ಲೋಬಿನ್‌ಗೆ ‘ಎಸ್’ ಅಂತ ಹೆಸರು. ಆಮ್ಲಜನಕ ಬಿಟ್ಟುಕೊಟ್ಟಾಗ ಇದು ಒಂದಕ್ಕೊಂದು ಅಂಟಿಕೊಂಡು ಉದ್ದ ಕಡ್ಡಿಯಂತೆ ಆಗುತ್ತದೆ. ಕೆಂಪು ರಕ್ತಕಣ ಬಾಗಿ ಗಟ್ಟಿಯಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮಗು ಕೈಕಾಲು ನೋವು ಅಂತ ಅಳುವುದು ಇದರಿಂದ. 120 ದಿನ ಬದುಕಬೇಕಾದ ಕಣ 10ರಿಂದ 20 ದಿನಕ್ಕೇ ಒಡೆಯುವುದರಿಂದ ರಕ್ತ ಕಡಿಮೆಯಾಗುತ್ತದೆ.

ಇದನ್ನು ಕ್ರೋಮೋಸೋಮ್ ಪರೀಕ್ಷೆ ಯಾಕೆ ಹಿಡಿಯಲಿಲ್ಲ ಅಂತ ನೋಡೋಣ. ಆ ಪರೀಕ್ಷೆಯಲ್ಲಿ ರಕ್ತದ ಬಿಳಿ ಕಣಗಳನ್ನು ಸುಮಾರು ಮೂರು ದಿನ ಲ್ಯಾಬ್‌ನಲ್ಲಿ ಬೆಳೆಸುತ್ತಾರೆ. ಅವು ವಿಭಜನೆ ಆಗುವ ಹೊತ್ತಿಗೆ ಔಷಧಿ ಹಾಕಿ ನಿಲ್ಲಿಸುತ್ತಾರೆ. ಕ್ರೋಮೋಸೋಮ್‌ಗಳು ದಪ್ಪಗೆ ಮಡಚಿಕೊಂಡು ಕಣ್ಣಿಗೆ ಕಾಣುವುದು ಆಗ ಮಾತ್ರ. ಆಮೇಲೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ, ಪಟ್ಟೆಗಳನ್ನು ಹೋಲಿಸುತ್ತಾರೆ. ಒಂದು ಇಡೀ ಕ್ರೋಮೋಸೋಮ್ ಜಾಸ್ತಿ ಇದ್ದರೆ ಅಲ್ಲಿ ಗೊತ್ತಾಗುತ್ತದೆ. ಡೌನ್ ಸಿಂಡ್ರೋಮ್ ಹಾಗೆ. 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇರುತ್ತದೆ, ಅದರ ಜೊತೆ ಇನ್ನೂರಕ್ಕೂ ಹೆಚ್ಚು ಜೀನ್‌ಗಳು ಹೆಚ್ಚುವರಿಯಾಗಿ ಬಂದಿರುತ್ತವೆ. ದೊಡ್ಡ ತುಂಡು ಕಳೆದುಹೋಗಿದ್ದರೂ ಗೊತ್ತಾಗುತ್ತದೆ. ಆದರೆ ಸಾಮಾನ್ಯವಾಗಿ 50 ಲಕ್ಷದಿಂದ ಒಂದು ಕೋಟಿ ಅಕ್ಷರಕ್ಕಿಂತ ಸಣ್ಣ ಬದಲಾವಣೆ ಅದರ ಕಣ್ಣಿಗೆ ಬೀಳುವುದಿಲ್ಲ. ನಮ್ಮ ರಸ್ತೆಯ ಲೆಕ್ಕದಲ್ಲಿ 5ರಿಂದ 10 ಕಿಲೋಮೀಟರ್ ಕೊಚ್ಚಿಹೋದರೆ ಮಾತ್ರ ಅದಕ್ಕೆ ಕಾಣುತ್ತದೆ. ಒಂದು ಮಿಲಿಮೀಟರ್ ಕಾಣಲು ಸಾಧ್ಯವೇ ಇಲ್ಲ.

ಮನೆಯಲ್ಲಿ ಯಾರಿಗೂ ಇಲ್ಲ ಅಂದಿರಿ. ‘ನಿಮಗೆ ಸಿಕಲ್ ಸೆಲ್ ಜೀನ್ ಇದೆ’ ಅಂತ ಹೇಳುವವರ ಮೇಲೂ ನನಗೆ ಸಿಟ್ಟಿದೆ. ಬೀಟಾ ಗ್ಲೋಬಿನ್ ಜೀನ್ ನನಗೂ ಇದೆ, ನಿಮಗೂ ಇದೆ, ಎಲ್ಲರಿಗೂ ಇದೆ. ಅದಿಲ್ಲದೆ ಸರಿಯಾದ ರಕ್ತವೇ ಇರದು. ವ್ಯತ್ಯಾಸ ಇರುವುದು ಅದರಲ್ಲಿ ಬರೆದ ಅಕ್ಷರದಲ್ಲಿ. 11ನೇ ಕ್ರೋಮೋಸೋಮ್ ಎಲ್ಲರಲ್ಲೂ ಎರಡು, ಹಾಗಾಗಿ ಈ ಜೀನ್‌ನ ಪ್ರತಿಗಳೂ ಎರಡು. ಒಂದರಲ್ಲಿ ಮಾತ್ರ ಬದಲಾವಣೆ ಇದ್ದರೆ ಇನ್ನೊಂದು ಕೆಲಸ ಸಾಗಿಸುತ್ತದೆ. ಅವರನ್ನು ವಾಹಕರು ಅನ್ನುತ್ತೇವೆ. ಅವರು ತೋಟದ ಕೆಲಸ ಮಾಡಿಕೊಂಡು, ಮಕ್ಕಳನ್ನು ಸಾಕಿಕೊಂಡು ಆರಾಮಾಗಿ ಇರುತ್ತಾರೆ. ಮಲೇರಿಯಾ ಜ್ವರ ಅವರಲ್ಲಿ ಜೀವಕ್ಕೆ ಅಪಾಯವಾಗುವುದು ಕಡಿಮೆ. ಕಾಡಂಚಿನ ಜನರಲ್ಲಿ ಈ ಬದಲಾವಣೆ ಉಳಿದುಕೊಂಡು ಬಂದಿರುವುದಕ್ಕೆ ಅದೂ ಕಾರಣ. ನಮ್ಮ ಜಿಲ್ಲೆಯ ಯರವ, ಜೇನುಕುರುಬ, ಬೆಟ್ಟಕುರುಬ ಹಾಡಿಗಳಲ್ಲಿ ಶಿಬಿರ ಮಾಡಿ ರಕ್ತ ನೋಡುವುದು ಇದಕ್ಕೇ. ಹಾಗಂತ ಇದು ಹಾಡಿಯವರ ಕಾಯಿಲೆ ಅಂತ ಮೂಗು ಮುರಿಯುವುದು ಬೇಡ. ಎರಡೂ ಪ್ರತಿಗಳಲ್ಲಿ ಬದಲಾವಣೆ ಸಿಕ್ಕಿದ ಯಾವ ಮಗುವಿಗೂ ಇದು ಬರುತ್ತದೆ.

ನೀವಿಬ್ಬರೂ ಬಹುಶಃ ವಾಹಕರು. ಇದನ್ನು ಖಚಿತ ಮಾಡಿಕೊಳ್ಳಲು ಗಂಡ ಹೆಂಡತಿ ಇಬ್ಬರೂ ಹಿಮೋಗ್ಲೋಬಿನ್ ಎಚ್‌ಪಿಎಲ್‌ಸಿ ಮಾಡಿಸಿ. ಶಿಬಿರದಲ್ಲಿ ಒಂದು ಹನಿ ರಕ್ತವನ್ನು ದ್ರಾವಣಕ್ಕೆ ಹಾಕಿ, ಮಬ್ಬಾಗುತ್ತದೆಯೇ ಅಂತ ನೋಡುತ್ತಾರಲ್ಲ, ಅದು ಸಾಲದು. ವಾಹಕರಲ್ಲೂ ಮಬ್ಬಾಗುತ್ತದೆ, ರೋಗಿಗಳಲ್ಲೂ ಮಬ್ಬಾಗುತ್ತದೆ. ಎಚ್‌ಪಿಎಲ್‌ಸಿಯಲ್ಲಿ ಯಾವ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಪ್ರಮಾಣ ಸಿಗುತ್ತದೆ. ವಾಹಕರಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿ ‘ಎ’ ಅನ್ನುವ ಸರಿಯಾದ ಹಿಮೋಗ್ಲೋಬಿನ್, ಸುಮಾರು 35ರಿಂದ 40 ಶೇಕಡ ‘ಎಸ್’ ಇರುತ್ತದೆ. ಎರಡೂ ಪ್ರತಿಗಳಲ್ಲಿ ಸಿಕಲ್ ಬದಲಾವಣೆ ಇರುವವರಲ್ಲಿ ಹೆಚ್ಚಿನದು ‘ಎಸ್’, ‘ಎ’ ಇರುವುದೇ ಇಲ್ಲ. ಕಳೆದ ಮೂರು ತಿಂಗಳಲ್ಲಿ ರಕ್ತ ಹಾಕಿಸಿದ್ದರೆ ಲ್ಯಾಬ್‌ನವರಿಗೆ ಮೊದಲೇ ಹೇಳಿ. ಇಲ್ಲದಿದ್ದರೆ ಬೇರೆಯವರ ರಕ್ತದ ‘ಎ’ ಸೇರಿಕೊಂಡು ರೋಗಿಯೂ ವಾಹಕನಂತೆ ಕಾಣಬಹುದು. ಇನ್ನೂ ಒಂದು ಸಾಧ್ಯತೆ ಇದೆ. ನಿಮ್ಮಲ್ಲಿ ಒಬ್ಬರಿಗೆ ಅದೇ ಜೀನ್‌ನ ಬೇರೆ ಕಡೆ ಬದಲಾವಣೆ ಇದ್ದು, ಅದು ಬೀಟಾ ಥಲಸ್ಸೇಮಿಯಾ ಅನ್ನುವ ಇನ್ನೊಂದು ರಕ್ತದ ಕಾಯಿಲೆಯ ಬದಲಾವಣೆ ಆಗಿರಬಹುದು. ಒಬ್ಬರಿಂದ ಅದು, ಇನ್ನೊಬ್ಬರಿಂದ ಸಿಕಲ್ ಬಂದರೂ ಮಗುವಿಗೆ ಕಾಯಿಲೆ ಆಗುತ್ತದೆ. ಆದ್ದರಿಂದ ಒಬ್ಬರೇ ಮಾಡಿಸಿಕೊಂಡು ಬರಬೇಡಿ.

ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಕಾಯಿಲೆಯ ಮಗು ಆಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲನೆಯದಕ್ಕೆ ಬಂತು, ಇನ್ನು ಮೂರು ಮಕ್ಕಳಿಗೆ ಬರಲ್ಲ ಅಂತ ಲೆಕ್ಕ ಹಾಕಬೇಡಿ. ಪ್ರತಿ ಸಲ ಲೆಕ್ಕ ಹೊಸದಾಗಿ ಶುರು. ಇನ್ನೊಂದು ಮಗು ಖಂಡಿತ ಮಾಡಿಕೊಳ್ಳಬಹುದು. ಬಸಿರು ನಿಂತ ಕೂಡಲೇ ಬನ್ನಿ. 11ನೇ ವಾರದ ನಂತರ ಗರ್ಭದ ಮಾಸಿನಿಂದ ಚೂರು ಅಂಗಾಂಶ ತೆಗೆದು ಪರೀಕ್ಷೆ ಮಾಡಬಹುದು. ಗರ್ಭಪಾತದ ಸಣ್ಣ ಅಪಾಯ ಅದರಲ್ಲಿದೆ, ಅದನ್ನು ಕೇಳಿಕೊಂಡು ನೀವಿಬ್ಬರೂ ತೀರ್ಮಾನ ಮಾಡಿ. ಆದರೆ ಚೀಟಿಯಲ್ಲಿ ‘ಬೀಟಾ ಗ್ಲೋಬಿನ್ ಜೀನ್‌ನ ಡಿಎನ್‌ಎ ಪರೀಕ್ಷೆ’ ಅಂತ ಬರೆದಿದೆಯಾ ಅಂತ ನೋಡಿ. ‘ಕ್ರೋಮೋಸೋಮ್’ ಅಂತ ಮಾತ್ರ ಬರೆದಿದ್ದರೆ ವಾಪಸ್ ಕೊಡಿ.

ಮಗಳ ವಿಷಯದಲ್ಲಿ ತುಂಬಾ ಹುಷಾರಾಗಿರಿ. ಜ್ವರ ಬಂದರೆ ಮನೆಮದ್ದು ಮಾಡುತ್ತಾ ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಈ ಮಕ್ಕಳ ಗುಲ್ಮ ಸರಿಯಾಗಿ ಕೆಲಸ ಮಾಡದೆ ಸೋಂಕು ಬೇಗ ರಕ್ತಕ್ಕೆ ಹರಡುತ್ತದೆ. ನಮ್ಮ ಮಳೆಗಾಲದಲ್ಲಿ ಮಗುವನ್ನು ಒದ್ದೆ ಬಟ್ಟೆಯಲ್ಲಿ ಬಿಡಬೇಡಿ, ಚಳಿಯಿಂದಲೂ ನೋವು ಶುರುವಾಗುತ್ತದೆ. ಚಳಿ ಅಂತ ನೀರು ಕುಡಿಸುವುದನ್ನೂ ಕಡಿಮೆ ಮಾಡಬೇಡಿ. ಹೈಡ್ರಾಕ್ಸಿಯೂರಿಯಾ, ಪೆನಿಸಿಲಿನ್ ಬರೆದುಕೊಟ್ಟಿದ್ದರೆ ಒಂದು ದಿನವೂ ತಪ್ಪಿಸಬೇಡಿ. ರಕ್ತ ಕಡಿಮೆ ಅಂತ ಅಂಗಡಿಯಿಂದ ಕಬ್ಬಿಣದ ಟಾನಿಕ್ ತಂದು ಕೊಡಬೇಡಿ. ಕಬ್ಬಿಣ ನಿಜವಾಗಿ ಕಡಿಮೆ ಇದೆಯಾ ಅಂತ ಮೊದಲು ಪರೀಕ್ಷೆ ಆಗಲಿ.

ಡಿಎನ್‌ಎ ರಿಪೇರಿ ಮಾಡುವ ಪುಡಿ ಕುಶಾಲನಗರದಲ್ಲಿ ಒಬ್ಬರು ಕೊಡುತ್ತಾರೆ. ಮಂಡಲ ಕಾಲ ತೆಗೆದುಕೊಂಡರೆ ಜೀನ್ ಶುದ್ಧ ಆಗುತ್ತದಂತೆ. ಕೊಡಬಹುದಾ?

ಬೇಡ. ಯಾವ ಪುಡಿಗೂ ಮೂಳೆಮಜ್ಜೆಯ ಕೋಶಗಳ ಒಳಗೆ ಹೋಗಿ ಒಂದು ಅಕ್ಷರ ತಿದ್ದಲು ಬರುವುದಿಲ್ಲ. ಸಿಕಲ್ ಸೆಲ್‌ಗೆ ಜೀನ್ ತಿದ್ದುವ ಚಿಕಿತ್ಸೆಗೆ 2023ರ ಕೊನೆಯಲ್ಲಿ ಬ್ರಿಟನ್, ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ನಿಜ. ಅದರಲ್ಲಿ ರೋಗಿಯದೇ ಕೋಶಗಳನ್ನು ಹೊರತೆಗೆದು, ಲ್ಯಾಬ್‌ನಲ್ಲಿ ತಿದ್ದಿ, ಕೀಮೋ ಕೊಟ್ಟು ಹಳೆಯ ಮಜ್ಜೆ ಖಾಲಿ ಮಾಡಿ ಮತ್ತೆ ಒಳಗೆ ಬಿಡುತ್ತಾರೆ. ಖರ್ಚು ಕೋಟಿಗಟ್ಟಲೆ. ಡಬ್ಬದಲ್ಲಿ ಪುಡಿ ಮಾರುವವನು ಮಗುವಿನ ಜೀವದ ಜೊತೆ ಆಟ ಆಡುತ್ತಿದ್ದಾನೆ.

ಅರೇಬಿಕಾಗೆ 44 ಕ್ರೋಮೋಸೋಮ್, ರೊಬಸ್ಟಾಗೆ 22 ಅಂತ ಓದಿದೆ. ಜಾಸ್ತಿ ಇರುವುದೇ ಗಟ್ಟಿ ಅಲ್ವಾ?

ಅಲ್ಲ. ಅರೇಬಿಕಾದಲ್ಲಿ ಎರಡು ಜಾತಿಗಳ ಕ್ರೋಮೋಸೋಮ್‌ಗಳು ಒಂದಾಗಿವೆ, ರೊಬಸ್ಟಾ ಅದರಲ್ಲಿ ಒಂದು. ಆದರೂ ಎಲೆ ತುಕ್ಕು, ಬಿಳಿ ಕಾಂಡಕೊರಕ ಎರಡಕ್ಕೂ ಬೇಗ ಬಲಿಯಾಗುವುದು ಅರೇಬಿಕಾವೇ. ಸಂಖ್ಯೆ ನೋಡಿ ಏನನ್ನೂ ತೀರ್ಮಾನಿಸಬೇಡಿ. ಯಾವ ಜೀನ್‌ನಲ್ಲಿ ಏನು ಬರೆದಿದೆ ಅನ್ನುವುದು ಮುಖ್ಯ.

ಹುಡುಗ ಹುಡುಗಿಯ ಬ್ಲಡ್ ಗ್ರೂಪ್ ಒಂದೇ. ಮದುವೆ ಮಾಡಿದರೆ ಮಕ್ಕಳ ಜೀನ್ ಕೆಡುತ್ತದಾ?

ಇಲ್ಲ. ಜಾತಕದ ಜೊತೆ ಇಬ್ಬರ ಎಚ್‌ಪಿಎಲ್‌ಸಿ ರಿಪೋರ್ಟ್ ನೋಡಿ, ಅದು ಉಪಯೋಗಕ್ಕೆ ಬರುತ್ತದೆ.

ಎಂಜಲು ಪರೀಕ್ಷೆ ಮಾಡಿದರೆ ನಮ್ಮ ಒಕ್ಕ ಎಲ್ಲಿಂದ ಬಂತು ಅಂತ ಹೇಳುತ್ತಾರಾ?

ಒಕ್ಕದ ಹೆಸರು ಯಾವ ಜೀನ್‌ನಲ್ಲೂ ಬರೆದಿಲ್ಲ.