ರಂಗಪ್ರವೇಶದ ಪೋಸ್ಟರ್‌ನಲ್ಲಿ ಉಡುಗೆ, ಒಡವೆ ಬಗ್ಗೆ ಏನು ಬರೆಯೋದು?

ಪ್ರಶ್ನೆ: ನನ್ನ ತಂಗಿ ಮಗಳ ಭರತನಾಟ್ಯ ರಂಗಪ್ರವೇಶ ಇದೆ. ಪೋಸ್ಟರ್‌ನಲ್ಲಿ ಫೋಟೊ ಕೆಳಗೆ ಉಡುಗೆ ಬಗ್ಗೆ ಎರಡು ಸಾಲು ಹಾಕಬೇಕು. 'ನೆರಿಗೆ ಸೀರೆ ಉಟ್ಟು, ಚಿನ್ನದ ಸೊಂಟಪಟ್ಟಿ, ದೇವಸ್ಥಾನದ ಒಡವೆ ತೊಟ್ಟ ಕಲಾವಿದೆ' ಅಂತ ಬರೆದೆ. ಅವಳ ಗುರುಗಳು ತಪ್ಪಿದೆ ಅಂದರು. ಫೋಟೊ, ಪೋಸ್ಟರ್‌ನ ಕರಡು ಎರಡನ್ನೂ ಕಳಿಸಿದ್ದೇನೆ. ಎಲ್ಲಿ ತಪ್ಪಿದೆ?

ಉತ್ತರ: ಮೊದಲು ಸೀರೆಯ ವಿಷಯ. ನೀವು ಕಳಿಸಿದ ಫೋಟೊದಲ್ಲಿ ಹುಡುಗಿ ಮಂಡಿ ಬಾಗಿಸಿ ಅರೆಮಂಡಿಯಲ್ಲಿ ನಿಂತಿದ್ದಾಳೆ. ಬಟ್ಟೆ ಎರಡೂ ಕಾಲಿಗೆ ಬೇರೆಬೇರೆಯಾಗಿ ಸುತ್ತಿಕೊಂಡು ಕಣಕಾಲಿನವರೆಗೆ ಇಳಿದಿದೆ. ನಡುವೆ ನೆರಿಗೆಯ ತುಂಡೊಂದು ಅರ್ಧಚಂದ್ರದ ಹಾಗೆ ಬಿಚ್ಚಿಕೊಂಡಿದೆ. ಇದು ಉಟ್ಟ ಸೀರೆ ಅಲ್ಲ, ರೇಷ್ಮೆ ಸೀರೆಯನ್ನು ಕತ್ತರಿಸಿ ಹೊಲಿದ ಪೈಜಾಮ ಕಾಸ್ಟ್ಯೂಮ್. ಪೈಜಾಮ, ಬ್ಲೌಸ್, ಎದೆ ಮೇಲೆ ಹಾಯುವ ಸೆರಗು, ಹಿಂದಿನ ತುಂಡು, ಮುಂದೆ ಬಿಚ್ಚಿಕೊಳ್ಳುವ ಆ ನೆರಿಗೆಯ ಫ್ಯಾನ್, ಎಲ್ಲ ಬಿಡಿಬಿಡಿಯಾಗಿ ಇರುತ್ತವೆ. ಒಂದೊಂದಾಗಿ ಕಟ್ಟಿಕೊಳ್ಳಬೇಕು. ಎರಡೂ ಮಂಡಿಗಳ ಮೇಲೆ ಒಂದೇ ಅಗಲ ಬಟ್ಟೆ ಹರಡಿಕೊಂಡಿದ್ದರೆ ಅದು ಸ್ಕರ್ಟ್ ಕಾಸ್ಟ್ಯೂಮ್. ಕಚ್ಚೆ ಹಾಕಿ ಸೀರೆಯನ್ನೇ ಉಟ್ಟು ನರ್ತಿಸುವವರೂ ಇದ್ದಾರೆ, ಅಂಥ ಫೋಟೊಗೆ ಮಾತ್ರ 'ಸೀರೆ ಉಟ್ಟು' ಸರಿಹೋಗುತ್ತದೆ.

ಫ್ಯಾನ್‌ಗೆ ನೃತ್ಯದವರೂ ಟೈಲರ್‌ಗಳೂ ಫ್ಯಾನ್ ಅಂತಲೇ ಹೇಳುತ್ತಾರೆ, ಹಾಗೇ ಬರೆಯಿರಿ. ಕನ್ನಡ ಪದವೇ ಬೇಕು ಅಂದರೆ 'ಬೀಸಣಿಗೆ ನೆರಿಗೆ' ಅಂದರೂ ಓದುವವರಿಗೆ ಅರ್ಥವಾಗುತ್ತದೆ. ಸೀರೆಯ ಜರಿ ಅಂಚು ಅಥವಾ ಸೆರಗಿನ ಭಾಗ ಇಲ್ಲಿಗೆ ಬರುವುದರಿಂದ ಇಡೀ ಉಡುಗೆಯಲ್ಲಿ ಜಾಸ್ತಿ ಮಿಂಚುವುದು ಇದೇ. ಒಂದು ಎಚ್ಚರ ಇರಲಿ. ಮಂಡಿ ಬಾಗಿಸಿ ಕಾಲು ಅಗಲಿಸಿದಾಗ ಮಾತ್ರ ಫ್ಯಾನ್ ಬಿಚ್ಚಿಕೊಳ್ಳುತ್ತದೆ, ನೇರ ನಿಂತರೆ ಮಡಿಚಿಕೊಂಡುಬಿಡುತ್ತದೆ. ನಾಳೆ ಪೋಸ್ಟರ್‌ಗೆ ನಿಂತ ಭಂಗಿಯ ಫೋಟೊ ಆರಿಸಿದರೆ 'ಅರಳಿದ ಫ್ಯಾನ್' ಅಂತ ಬರೆಯಬೇಡಿ.

ಸೊಂಟದ ಒಡವೆಗೆ 'ಡಾಬು' ಅನ್ನಿ. 'ಸೊಂಟಪಟ್ಟಿ' ಅಂತ ಓದಿದವರಿಗೆ ಬಟ್ಟೆಯ ಪಟ್ಟಿಯೋ ಲೋಹದ್ದೋ ತಿಳಿಯುವುದಿಲ್ಲ. ಡಾಬು ಬರೀ ಅಲಂಕಾರವೂ ಅಲ್ಲ. ಫ್ಯಾನ್‌ನ ಮೇಲಂಚು, ಸೆರಗಿನ ತುದಿ ಎರಡನ್ನೂ ಅದು ಒತ್ತಿ ಹಿಡಿಯುತ್ತದೆ. ಚಿತ್ರ ಬರೆಸುವುದಾದರೆ ಕಲಾವಿದರಿಗೆ ಇದನ್ನು ಮೊದಲೇ ಹೇಳಿ. ಡಾಬನ್ನು ಸೊಂಟದಿಂದ ಕೆಳಕ್ಕೆ ಇಳಿಬಿಟ್ಟು ಬರೆದರೆ ಫ್ಯಾನ್ ಗಾಳಿಯಲ್ಲಿ ನೇತಾಡುವ ಹಾಗೆ ಕಾಣುತ್ತದೆ.

'ದೇವಸ್ಥಾನದ ಒಡವೆ' ಅಂದರೆ ದೇವರಿಗೆ ಸೇರಿದ ಒಡವೆ ಅಂದುಕೊಳ್ಳುತ್ತಾರೆ, ಅಲ್ವಾ? ಎಲ್ಲರ ಬಾಯಲ್ಲಿರುವ 'ಟೆಂಪಲ್ ಆಭರಣ' ಇರಲಿ. ತಮಿಳುನಾಡಿನ ನಾಗರಕೋಯಿಲ್‌ನ ವಡಸೇರಿ ಇದಕ್ಕೆ ಹೆಸರಾದ ಜಾಗ. ಅಲ್ಲಿಯ ಹಳೆಯ ಪದ್ಧತಿಯ ಕೆಲಸದಲ್ಲಿ ಬೆಳ್ಳಿಯ ಮೇಲೆ ಚಿನ್ನದ ರೇಕು ಹೊದಿಸಿ ಕೆಂಪು ಹರಳು ಕೂರಿಸುತ್ತಾರೆ. ವೇದಿಕೆಗೆ ಈಗ ಸಾಮಾನ್ಯವಾಗಿ ಕೊಳ್ಳುವುದು ಬೇರೆ ಲೋಹಕ್ಕೆ ಚಿನ್ನದ ಲೇಪ ಕೊಟ್ಟ ಸೆಟ್. ಹಾಗಾಗಿ 'ಚಿನ್ನದ' ಬಿಟ್ಟು 'ಕೆಂಪು ಹರಳಿನ' ಅಂತ ಬರೆದರೆ ಸುಳ್ಳಾಗುವುದಿಲ್ಲ. ಬೈತಲೆ ಬೊಟ್ಟು, ಜುಮುಕಿ, ವಂಕಿ ಅಂತ ಎಲ್ಲವನ್ನೂ ಪಟ್ಟಿ ಮಾಡಬೇಡಿ. ಎರಡು ಸಾಲಿಗೆ ಅದು ಭಾರ.

ಇನ್ನು ನಿಮ್ಮ ಪೋಸ್ಟರ್‌ನ ಕರಡು. ಹೆಸರಿಗೆ ಜಾಗ ಮಾಡಲು ಡಿಸೈನರ್ ಫೋಟೊವನ್ನು ಎಡಬಲ ತಿರುಗಿಸಿದ್ದಾರೆ. ತಲೆಯ ಮೇಲಿನ ಬಿಲ್ಲೆಗಳನ್ನು ನೋಡಿ. ಸೂರ್ಯ ನರ್ತಕಿಯ ಬಲಕ್ಕೆ, ಚಂದ್ರ ಎಡಕ್ಕೆ ಇರಬೇಕು. ಅಂದರೆ ನೋಡುವ ನಮ್ಮ ಎಡಗಡೆ ದುಂಡನೆಯ ಸೂರ್ಯ, ಬಲಗಡೆ ಬಾಗಿದ ಚಂದ್ರ. ಕರಡಿನಲ್ಲಿ ಅವು ಅದಲುಬದಲಾಗಿವೆ. ಎಡ ಹೆಗಲಿನ ಸೆರಗೂ ಬಲಕ್ಕೆ ಹೋಗಿದೆ. ಗುರುಗಳ ಕಣ್ಣಿಗೆ ಮೊದಲು ಬಿದ್ದಿರುವುದು ಬಹುಶಃ ಇದೇ. ಮುದ್ರೆಯ ಕೈಯೂ ಬದಲಾಗುವುದರಿಂದ ಮೂಲ ಫೋಟೊವನ್ನೇ ಹಾಕಿಸಿ, ಹೆಸರನ್ನು ಇನ್ನೊಂದು ಬದಿಗೆ ಸರಿಸಿ.

ಸಾಲು ಹೀಗಿರಬಹುದು: 'ಎಲೆಹಸಿರು ರೇಷ್ಮೆಯ ಭರತನಾಟ್ಯದ ಉಡುಗೆ, ಅರೆಮಂಡಿಯಲ್ಲಿ ಅರಳಿದ ಮರೂನ್ ಅಂಚಿನ ಫ್ಯಾನ್, ಕೆಂಪು ಹರಳಿನ ಡಾಬು, ಟೆಂಪಲ್ ಆಭರಣ.' ಬಣ್ಣದ ಹೆಸರನ್ನು ಪ್ರಿಂಟ್ ಪ್ರೂಫ್ ನೋಡಿದ ಮೇಲೆ ಖಚಿತ ಮಾಡಿ. ವೇದಿಕೆಯ ಹಳದಿ ಬೆಳಕಲ್ಲಿ ತೆಗೆದ ಫೋಟೊದಲ್ಲಿ ಮರೂನ್ ಕೆಲವೊಮ್ಮೆ ಇಟ್ಟಿಗೆ ಬಣ್ಣವಾಗಿ ಬರುತ್ತದೆ. ಈ ಸಾಲು ಫ್ಯಾನ್ ಮೇಲೆ ಬೀಳದಂತೆ, ಗೆಜ್ಜೆಯ ಕೆಳಗೆ ಬರುವಂತೆ ಇಡಿಸಿ.