ಪೇಪರ್‌ನಾಗ ಕಟ್ಟಿದ ಮಿರ್ಚಿ, ಹಳೆ ಡಬ್ಬಿಯೊಳಗಿನ ಚಕ್ಕಲಿ

ಪ್ರಶ್ನೆ: ಗದಗದಾಗ ಬಿಸಿ ಮಿರ್ಚಿ ಪೇಪರ್‌ನಾಗ ಕಟ್ಟಿ ಕೊಡ್ತಾರ. ಮನ್ಯಾಗ ಚಕ್ಕಲಿ ಹಳೆ ಐಸ್‌ಕ್ರೀಮ್ ಡಬ್ಬಿಯೊಳಗ ಇಡ್ತೀವಿ. ತೊಂದ್ರಿ ಐತೇನ್ರಿ?

ಉತ್ತರ: ಐತ್ರಿ, ಪೇಪರಿನದು ಹೆಚ್ಚು. ಪತ್ರಿಕೆಯ ಮಸಿ ಪೂರ್ತಿ ಒಣಗಿ ಗಟ್ಟಿಯಾಗುವುದಿಲ್ಲ, ಕಾಗದದೊಳಗೆ ಇಂಗಿರುತ್ತದೆ ಅಷ್ಟೇ. ಅದರಲ್ಲಿ ಬಣ್ಣದ ಜೊತೆ ಖನಿಜ ತೈಲವೂ ಇರುತ್ತದೆ. ಬಿಸಿ ಎಣ್ಣೆ ಇವನ್ನು ಕರಗಿಸಿ ಮಿರ್ಚಿಯ ಹಿಟ್ಟಿಗೆ ತರುತ್ತದೆ. ಭಜಿ ಮೇಲೆ ಕಪ್ಪು ಅಕ್ಷರ ಅಚ್ಚಾಗಿದ್ದರೆ ಅದೇ ಗುರುತು, ಆದರೆ ಖನಿಜ ತೈಲ ಕಣ್ಣಿಗೆ ಕಾಣದು. ಅಚ್ಚಿಲ್ಲದ ಅಂಚೂ ಸುರಕ್ಷಿತವಲ್ಲ: ಮರುಬಳಕೆಯ ಕಾಗದವಾದರೆ ಹಳೆ ಮಸಿಯ ಅಂಶ ಅದರಲ್ಲೇ ಉಳಿದಿರುತ್ತದೆ. ಒಂದು ಸಲ ತಿಂದರೆ ಕಾಯಿಲೆ ಬೀಳುವುದಿಲ್ಲ. ವಾರವಾರ ತಿನ್ನುವವರ ಮೈಯಲ್ಲಿ ಸೇರುತ್ತ ಹೋಗುವುದೇ ಚಿಂತೆ. ಆಹಾರ ಕಟ್ಟಲು ಪತ್ರಿಕೆ ಬಳಸುವುದನ್ನು 2018ರ ಪ್ಯಾಕೇಜಿಂಗ್ ನಿಯಮವೇ ನಿಷೇಧಿಸಿದೆ.

ಮನೆಯಿಂದ ಸ್ಟೀಲ್ ಡಬ್ಬಿ ಒಯ್ಯಿರಿ. ಎಣ್ಣೆ ಬಸಿಯಲು ಪೇಪರ್ ಹಾಸುವ ಬದಲು ತಾಟಿನ ಮೇಲೆ ಜಾಳಿಗೆ ಇಟ್ಟು ಐದು ನಿಮಿಷ ಬಿಟ್ಟರೆ ಸಾಕು, ಭಜಿ ಮೆತ್ತಗೂ ಆಗುವುದಿಲ್ಲ.

ಐಸ್‌ಕ್ರೀಮ್ ಡಬ್ಬಿ ತಂಪು ಪದಾರ್ಥಕ್ಕೆ ಮಾಡಿದ್ದು. ಪೂರ್ತಿ ಆರಿದ ಚಕ್ಕಲಿಯನ್ನು ನಾಲ್ಕು ದಿನ ಇಟ್ಟರೆ ದೊಡ್ಡ ಅಪಾಯವಿಲ್ಲ, ಬಿಸಿಬಿಸಿ ತುಂಬಬೇಡಿ. ಸೋಪು ಹಾಕಿ ತೊಳೆದು ಒಣಗಿಸಿ, ಮುಚ್ಚಿಟ್ಟು, ಮರುದಿನ ಮೂಸಿ ನೋಡಿ. ಕಮಟು ವಾಸನೆ ಬಂದರೆ ಹಳೆ ಎಣ್ಣೆ ಪ್ಲಾಸ್ಟಿಕ್‌ನೊಳಗೆ ಇಳಿದಿದೆ, ಹೊಸ ಚಕ್ಕಲಿಯೂ ಬೇಗ ಕಮಟಾಗುತ್ತದೆ. ಗೀರು ಬಿದ್ದಿದ್ದರೆ, ಅಂಟಂಟಾಗಿದ್ದರೆ ಅದನ್ನು ಗುಂಡಿ, ಸೂಜಿಗೆ ಇಟ್ಟುಕೊಳ್ಳಿ. ಪೇಂಟ್ ಬಕೆಟ್ ಮಾತ್ರ ಎಷ್ಟು ತಿಕ್ಕಿದರೂ ತಿನ್ನುವುದಕ್ಕೆ ಬೇಡ.