ಹೊಡೆದಿಲ್ಲ, ಆದರೆ ರೆಕಾರ್ಡ್ ಬರೆಸುತ್ತಾರೆ, ದುಡ್ಡು ಹಾಕಿಸುತ್ತಾರೆ. ಇದು ರ್‍ಯಾಗಿಂಗಾ?

ಪ್ರಶ್ನೆ: ಮಗ ಮೊದಲ ವರ್ಷದ ಎಂಜಿನಿಯರಿಂಗ್, ಕಾಲೇಜಿನ ಹಾಸ್ಟೆಲಿನಲ್ಲೇ ಇದ್ದಾನೆ. ಸೀನಿಯರುಗಳು ರಾತ್ರಿ ರೂಮಿಗೆ ಕರೆಸಿ ತಮ್ಮ ಲ್ಯಾಬ್ ರೆಕಾರ್ಡ್ ಬರೆಸುತ್ತಾರಂತೆ, ಬಿರಿಯಾನಿಗೆ ಇವನ ಫೋನಿನಿಂದಲೇ ದುಡ್ಡು ಹಾಕಿಸುತ್ತಾರಂತೆ. ಯಾರೂ ಕೈ ಮಾಡಿಲ್ಲ. ವಾರ್ಡನ್ "ಇಂಟ್ರೊ ಅಷ್ಟೇ, ಸರಿಹೋಗುತ್ತೆ" ಅಂದರು. ಇದು ರ್‍ಯಾಗಿಂಗ್ ಆಗುತ್ತಾ? ದೂರು ಕೊಟ್ಟರೆ ಮಗನಿಗೇ ತೊಂದರೆ ಆಗಲ್ವಾ?

ಉತ್ತರ: ಖಂಡಿತ ಆಗುತ್ತೆ. ಕಾಲೇಜೊಂದರ ಆಂಟಿ ರ್‍ಯಾಗಿಂಗ್ ಸ್ಕ್ವಾಡಿನಲ್ಲಿ ಇದ್ದವನು ನಾನು. ಹೊಡೆತ ಬಿದ್ದರೆ ಮಾತ್ರ ರ್‍ಯಾಗಿಂಗ್ ಅನ್ನುವ ತಪ್ಪು ತಿಳಿವಳಿಕೆಯನ್ನು ಪೋಷಕರಲ್ಲೂ ಕಂಡಿದ್ದೇನೆ, ಮೇಷ್ಟ್ರುಗಳಲ್ಲೂ ಕಂಡಿದ್ದೇನೆ. ಯುಜಿಸಿಯ 2009ರ ನಿಯಮಾವಳಿ ತೆಗೆದು ನೋಡಿ. ಸೀನಿಯರುಗಳು ತಮ್ಮ ಓದಿನ ಕೆಲಸವನ್ನು ಹೊಸಬರಿಂದ ಮಾಡಿಸಿಕೊಳ್ಳುವುದು, ದುಡ್ಡು ಕೀಳುವುದು ಅಥವಾ ಬಲವಂತವಾಗಿ ಖರ್ಚು ಮಾಡಿಸುವುದು ಎರಡೂ ಅದರಲ್ಲಿ ರ್‍ಯಾಗಿಂಗ್ ಎಂದೇ ಇದೆ. ನಾಚಿಕೆಯಾಗುವಂಥದ್ದನ್ನು ಮಾಡಿಸುವುದು, ಬೈಗುಳ, ಎಲ್ಲರೆದುರು ಅವಮಾನ, ಮನಸ್ಸಿನ ಧೈರ್ಯ ಕುಗ್ಗಿಸುವುದು ಕೂಡ ಸೇರಿವೆ. 2016ರ ತಿದ್ದುಪಡಿಯಲ್ಲಿ ಜಾತಿ, ಧರ್ಮ, ಬಣ್ಣ, ಊರು, ಭಾಷೆ ಹಿಡಿದು ಹಿಂಸಿಸುವುದನ್ನೂ ಸೇರಿಸಿದರು. "ತಮಾಷೆಗೆ ಮಾಡಿದ್ವಿ ಸಾರ್" ಅನ್ನುವುದು ಇಲ್ಲಿ ನಡೆಯುವುದಿಲ್ಲ. ಉದ್ದೇಶ ಏನೇ ಇರಲಿ, ಮಾಡಿದ್ದು ರ್‍ಯಾಗಿಂಗೇ.

ವಾರ್ಡನ್‌ಗೆ ಬಾಯಲ್ಲಿ ಹೇಳಿದ್ದು ಎಲ್ಲೂ ದಾಖಲಾಗಿರುವುದಿಲ್ಲ. ಕಾಲೇಜು ಮುಂದೆ "ನಮಗೆ ದೂರೇ ಬಂದಿಲ್ಲ" ಅನ್ನಲು ಇದೊಂದೇ ಸಾಕು. ಆದ್ದರಿಂದ ಮೊದಲು ಮಗನ ಹತ್ತಿರ ಕೂತು ಸಾಕ್ಷ್ಯ ಒಟ್ಟುಮಾಡಿ. ನಿಮ್ಮ ಪ್ರಕರಣದಲ್ಲಿ ಅದು ಚೆನ್ನಾಗೇ ಇದೆ. ಸೀನಿಯರ್ ಹೆಸರಿನ ರೆಕಾರ್ಡ್ ಪುಸ್ತಕದಲ್ಲಿ ನಿಮ್ಮ ಹುಡುಗನ ಕೈಬರಹ ಇದ್ದೇ ಇರುತ್ತದೆ. ಬರೆಯುವಾಗ ಅವನು ಒಂದೆರಡು ಪುಟದ ಫೋಟೊ ತೆಗೆದಿಟ್ಟಿದ್ದರೆ ಇನ್ನೂ ಗಟ್ಟಿ. ದುಡ್ಡು ಹೋದದ್ದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ, ಆ ಸಾಲುಗಳ ಕೆಳಗೆ ಗೆರೆ ಎಳೆಯಿರಿ. "ರೂಮಿಗೆ ಬಾ" ಎಂಬ ವಾಟ್ಸಾಪ್ ಮೆಸೇಜುಗಳನ್ನು ಅಳಿಸದಂತೆ ಹೇಳಿ, ಸ್ಕ್ರೀನ್‌ಶಾಟ್ ನಿಮಗೆ ಕಳಿಸಿಕೊಳ್ಳಿ.

ಆಮೇಲೆ ದೂರನ್ನು ಪ್ರಿನ್ಸಿಪಾಲರ ಹೆಸರಿಗೇ ಬರೆಯಿರಿ. "ಸೀನಿಯರುಗಳು ಕಿರುಕುಳ ಕೊಡುತ್ತಿದ್ದಾರೆ" ಎಂದಷ್ಟೇ ಬರೆದರೆ ಅದು ಫೈಲಿನಲ್ಲಿ ಮಲಗುತ್ತದೆ. "ಇಂಥ ತಾರೀಖು ರಾತ್ರಿ ಸುಮಾರು 11ಕ್ಕೆ, ಇಂಥ ಬ್ಲಾಕಿನ ಇಂಥ ರೂಮಿಗೆ, ಐದನೇ ಸೆಮಿಸ್ಟರಿನ ಇಂಥವರು ಕರೆಸಿ, ಎರಡು ಗಂಟೆ ರೆಕಾರ್ಡ್ ಬರೆಸಿದರು, ಊಟಕ್ಕೆಂದು ಇಷ್ಟು ರೂಪಾಯಿ ಹಾಕಿಸಿದರು" ಎಂದು ಬರೆಯಿರಿ. ವಾರ್ಡನ್‌ಗೆ ಯಾವತ್ತು ತಿಳಿಸಿದ್ದೀರಿ ಎಂಬುದೂ ಇರಲಿ. ಆಫೀಸಿನಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಇನ್‌ವರ್ಡ್ ಸೀಲ್ ಹಾಕಿಸಿಕೊಳ್ಳದೆ ಬರಬೇಡಿ. ಇದನ್ನೇ ಇಮೇಲಿನಲ್ಲೂ ಕಳಿಸಿ, helpline@antiragging.in ವಿಳಾಸಕ್ಕೂ ಪ್ರತಿ ಹಾಕಿ. 1800-180-5522 ದಿನದ 24 ಗಂಟೆಯೂ ಕೆಲಸ ಮಾಡುವ ಟೋಲ್ ಫ್ರೀ ಸಹಾಯವಾಣಿ. ಅಲ್ಲಿ ಸಿಗುವ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಹೊರಗಿನಿಂದ ಕೇಳುವವರೊಬ್ಬರು ಇದ್ದಾರೆಂದು ಗೊತ್ತಾದರೆ ಕಾಲೇಜು ವಿಷಯವನ್ನು ಸುಲಭವಾಗಿ ಮುಚ್ಚಿಹಾಕಲಾಗದು.

ಕಾಲೇಜು ಮಾಡಬೇಕಾದದ್ದು ಇಷ್ಟು: ಸ್ಕ್ವಾಡ್ ಸ್ಥಳಕ್ಕೆ ಹೋಗಿ ವಿಚಾರಣೆ ಮಾಡಿ, ಶಿಫಾರಸನ್ನು ಆಂಟಿ ರ್‍ಯಾಗಿಂಗ್ ಸಮಿತಿಗೆ ಕೊಡಬೇಕು. ಆ ಸಮಿತಿಯಲ್ಲಿ ಪೊಲೀಸ್ ಇಲಾಖೆಯ, ಪೋಷಕರ, ಹೊಸ ವಿದ್ಯಾರ್ಥಿಗಳ ಪ್ರತಿನಿಧಿಗಳು ಇರಲೇಬೇಕು. ಸದಸ್ಯರ ಪಟ್ಟಿ ಕೊಡಿ ಎಂದು ಕೇಳಿ. ಎಷ್ಟೋ ಕಡೆ ಸಮಿತಿ ನೋಟಿಸ್ ಬೋರ್ಡಿನಲ್ಲಿ ಮಾತ್ರ ಇರುತ್ತದೆ. ನಡೆದದ್ದು ಕ್ರಿಮಿನಲ್ ಅಪರಾಧದ ವ್ಯಾಪ್ತಿಗೆ ಬಂದರೆ, ಮಾಹಿತಿ ತಲುಪಿದ 24 ಗಂಟೆಯೊಳಗೆ ಪ್ರಿನ್ಸಿಪಾಲರೇ ಎಫ್‌ಐಆರ್ ಮಾಡಿಸಬೇಕು. ಹೆದರಿಸಿ ದುಡ್ಡು ಕಿತ್ತದ್ದು ಆ ವ್ಯಾಪ್ತಿಗೆ ಬರುತ್ತದೆ. ಶಿಕ್ಷೆ ಅಮಾನತಿನಿಂದ ಹಿಡಿದು ಹಾಸ್ಟೆಲಿನಿಂದ ಹೊರಹಾಕುವುದು, ಪ್ರವೇಶ ರದ್ದತಿಯವರೆಗೂ ಹೋಗಬಹುದು.

ಎಚ್ಚರ ಬೇಕಾಗಿರುವುದು ರಾಜಿಯ ಹಂತದಲ್ಲಿ. ಸೀನಿಯರುಗಳನ್ನು ಕರೆಸಿ, ಮುಚ್ಚಳಿಕೆ ಬರೆಸಿಕೊಂಡು, ಕೈ ಕುಲುಕಿಸಿ, ನಿಮ್ಮಿಂದ "ದೂರು ವಾಪಸ್ ಪಡೆದಿದ್ದೇನೆ" ಎಂದು ಸಹಿ ಕೇಳುತ್ತಾರೆ. ಆ ಸಹಿ ಹಾಕಬೇಡಿ. ಅದೇ ಕಾಗದ ಸಹಾಯವಾಣಿಗೆ "ಇತ್ಯರ್ಥವಾಗಿದೆ" ಎಂದು ಹೋಗುತ್ತದೆ, ಹುಡುಗ ಮಾತ್ರ ಅದೇ ಕಾರಿಡಾರಿನಲ್ಲಿ ಉಳಿಯುತ್ತಾನೆ. ಇನ್ನು ದೂರು ಕೊಟ್ಟರೆ ಮಗನಿಗೇ ತೊಂದರೆ ಆಗಲ್ವಾ ಎಂಬ ನಿಮ್ಮ ಎರಡನೇ ಪ್ರಶ್ನೆ. ಸೇಡಿನ ಭಯ ಸುಳ್ಳಲ್ಲ, ಅದನ್ನು ನಾನು ಹಗುರ ಮಾಡಲಾರೆ. ಅದಕ್ಕೇ ದೂರಿನಲ್ಲೇ ರಕ್ಷಣೆ ಕೇಳಬೇಕು. ತನಿಖೆ ಮುಗಿಯುವವರೆಗೆ ಆ ಸೀನಿಯರುಗಳನ್ನು ಬೇರೆ ಬ್ಲಾಕಿಗೆ ಕಳಿಸಿ, ನನ್ನ ಮಗನನ್ನಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ. ಮಾಹಿತಿ ಕೊಟ್ಟವರ ಗುರುತು ಕಾಪಾಡಬೇಕೆಂದು ನಿಯಮದಲ್ಲೇ ಇದೆ, ಆದ್ದರಿಂದ ಹೇಳಿಕೆ ಕೊಡುವ ರೂಮ್‌ಮೇಟ್ ಹೆಸರನ್ನು ಗೋಪ್ಯವಾಗಿಡಿ ಎಂದೂ ಸೇರಿಸಿ.

ಕಾಲೇಜಿನ ಕ್ರಮ ನಿಮಗೆ ಸಮಾಧಾನ ಕೊಡದಿದ್ದರೆ ನೇರ ಠಾಣೆಗೆ ಹೋಗಿ. ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲೂ ರ್‍ಯಾಗಿಂಗ್ ಶಿಕ್ಷಾರ್ಹ ಅಪರಾಧ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಎಸ್‌ಪಿ ಅವರಿಗೆ, ಬೆಂಗಳೂರಾದರೆ ಆ ವಿಭಾಗದ ಡಿಸಿಪಿಗೆ, ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಈ ನಡುವೆ ಮಗ ಊಟ ಬಿಟ್ಟಿದ್ದರೆ, ನಿದ್ದೆ ಇಲ್ಲದಿದ್ದರೆ, ಬದುಕೇ ಬೇಡ ಎನ್ನುವ ಮಾತಾಡಿದರೆ ಕಾಗದಪತ್ರ ಆಮೇಲೆ ನೋಡೋಣ, ಇವತ್ತೇ ಹೋಗಿ ಮನೆಗೆ ಕರೆತಂದು ವೈದ್ಯರಿಗೆ ತೋರಿಸಿ.